ಕಡಲ ಬದಿಯ ಮನೆಗೆ ಯಾವ ಕಂಬಿ? ದುಬಾರಿ ಕಂಬಿ ಬೇಕಾದ್ದು ಎಲ್ಲಿ, ಬೇಡದ್ದು ಎಲ್ಲಿ

ಪ್ರಶ್ನೆ: ನಮಸ್ಕಾರ ಸಾರ್. ನಾನು ರಿಟೈರ್ ಆದ ಶಾಲಾ ಟೀಚರ್. ಉಪ್ಪಳದ ಹತ್ತಿರ, ಕಡಲಿನಿಂದ ಸುಮಾರು 200 ಮೀಟರ್ ಒಳಗೆ, 1600 ಚದರಡಿಯ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಪರ್ಮಿಟ್ ಆಗಿದೆ. ಹಿತ್ತಿಲಿನಲ್ಲಿ ಹೊಳೆ ಇದೆ, ಭರತ ಬಂದಾಗ ಉಪ್ಪುನೀರು ಏರುತ್ತದೆ. ಅಲ್ಲಿ ಇಳಿಯಲು ಮೆಟ್ಟಿಲು, ದೋಣಿ ಕಟ್ಟಲು ಒಂದು ಸಣ್ಣ ಕಟ್ಟೆ ಆಗಬೇಕು. ಮನೆಗೆ 6 ಟನ್ ಕಂಬಿ ಬೇಕಂತೆ. ಕಿಲೋಗೆ ಸಾದಾ ಟಿಎಂಟಿ 65, ಎಪಾಕ್ಸಿ ಹಚ್ಚಿದ್ದು 80, ಗ್ಯಾಲ್ವನೈಸ್ಡ್ 90, ಸ್ಟೇನ್‌ಲೆಸ್ 280 ರೂಪಾಯಿ ಅಂತ ಹೇಳಿದ್ದಾರೆ. ಕಾಂಟ್ರಾಕ್ಟರ್ ಪೂರ್ತಿ ಎಪಾಕ್ಸಿ ಹಾಕಿಸಿ ಅನ್ನುತ್ತಾರೆ. ಮಗ ಸ್ಟೇನ್‌ಲೆಸ್ಸೇ ಆಗಲಿ ಅನ್ನುತ್ತಾನೆ. ಪಕ್ಕದ ಮನೆಯ ಸನ್‌ಶೇಡ್ ಕಳೆದ ಮಳೆಗಾಲದಲ್ಲಿ ಕಳಚಿ ಬಿತ್ತು. ಅದನ್ನು ನೋಡಿದ ಮೇಲೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಉತ್ತರ:

ಟೀಚರೇ, ಮೊದಲು ತೀರ್ಮಾನ ಹೇಳುತ್ತೇನೆ, ಕಾರಣ ಆಮೇಲೆ. ಮನೆಯ ಹೆಚ್ಚಿನ ಭಾಗಕ್ಕೆ ಸಾದಾ ಟಿಎಂಟಿ ಕಂಬಿಯೇ ಸಾಕು. ಹೊರಗೆ ಚಾಚಿದ ತೆಳು ಭಾಗಗಳಿಗೆ ಮಾತ್ರ ಗ್ಯಾಲ್ವನೈಸ್ಡ್ ಹಾಕಿಸಿ. ಹೊಳೆಯ ಕಟ್ಟೆಯಲ್ಲಿ ಭರತದ ನೀರು ಮುಟ್ಟುವಷ್ಟಕ್ಕೆ ಸ್ಟೇನ್‌ಲೆಸ್ ಹಾಕಿಸಿ. ಎಪಾಕ್ಸಿ ನಿಮ್ಮ ಮನೆಗೆ ಎಲ್ಲಿಯೂ ಬೇಡ. ಮಿಕ್ಕ ದುಡ್ಡು ಕಾಂಕ್ರೀಟಿಗೆ ಮತ್ತು ಕವರಿಗೆ, ಅಂದರೆ ಕಂಬಿಯನ್ನು ಹೊರಗಿನಿಂದ ಮುಚ್ಚುವ ಕಾಂಕ್ರೀಟಿನ ದಪ್ಪಕ್ಕೆ, ಹೋಗಲಿ.

ಪಕ್ಕದ ಮನೆಯ ಸನ್‌ಶೇಡ್ ವಿಷಯದಿಂದಲೇ ಶುರು ಮಾಡೋಣ. ಅಂಥದ್ದೇ ಒಂದನ್ನು ನಾನು ಕೆಲವು ವರ್ಷಗಳ ಹಿಂದೆ ಕುಂಬಳೆಯ ಆಚೆ, ಕಡಲಿಗೆ ಹತ್ತಿರದ ಒಂದು ಮನೆಯಲ್ಲಿ ಒಡೆಸಿ ನೋಡಿದ್ದೆ. ಮನೆಗೆ ಆಗ ಇಪ್ಪತ್ತು ವರ್ಷ ಆಗಿರಬಹುದು. ಸನ್‌ಶೇಡಿನ ತಳದಲ್ಲಿ ಉದ್ದಕ್ಕೆ ಬಿರುಕು ಬಿಟ್ಟು, ಬಿರುಕಿನ ಅಂಚಿನಲ್ಲಿ ಕಂದು ಕಲೆ ಇಳಿದಿತ್ತು. ಉಳಿ ಹಾಕಿ ಒಂದು ತುಂಡು ತೆಗೆಸಿದೆ. 8 ಮಿಲಿಮೀಟರ್ ಕಂಬಿ ಕಾಂಕ್ರೀಟಿನ ಹೊರಮೈಯಿಂದ ಬರೇ 12 ಮಿಲಿಮೀಟರ್ ಒಳಗೆ ಇತ್ತು. ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿ ವರ್ನಿಯರ್ ಹಿಡಿದು ಅಳೆದರೆ ಒಂದು ಕಡೆ ಐದೂವರೆ ಮಿಲಿಮೀಟರ್ ಉಳಿದಿತ್ತು. ದಪ್ಪ ಮೂರರಲ್ಲಿ ಒಂದು ಪಾಲು ಹೋದ ಹಾಗೆ ಕಾಣುತ್ತದೆ ಅಲ್ವಾ? ಆದರೆ ಭಾರ ಹೊರುವುದು ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ. ಅದು ಅರ್ಧಕ್ಕಿಂತಲೂ ಕಮ್ಮಿ ಉಳಿದಿತ್ತು.

ಒಡೆದ ಹಸಿ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದೆ. ಕಾಂಕ್ರೀಟಿನಲ್ಲಿ ಕ್ಷಾರ ಇನ್ನೂ ಉಳಿದಿದ್ದರೆ ಅದು ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಕಂಬಿಯ ಬುಡದವರೆಗೂ ಗುಲಾಬಿ ಬಂತು. ಕ್ಷಾರ ಇದ್ದೂ ಕಂಬಿ ತುಕ್ಕು ಹಿಡಿದಿದೆ ಅಂದರೆ ಅದು ಉಪ್ಪಿನ ಕೆಲಸ. ತುಕ್ಕಿನ ರೂಪವೂ ಅದನ್ನೇ ಹೇಳುತ್ತಿತ್ತು. ಕಂಬಿಯ ಮೈಯೆಲ್ಲ ಒಂದೇ ಸಮನೆ ಸವೆದಿರಲಿಲ್ಲ. ಅಲ್ಲಲ್ಲಿ ಹುಳು ಕೊರೆದ ಹಾಗೆ ಗುಂಡಿಗಳಿದ್ದವು.

ಆಗುವುದು ಇಷ್ಟು. ಒಳ್ಳೆಯ ಕಾಂಕ್ರೀಟಿನ ಒಳಗಿನ ತೇವ ಬಲವಾದ ಕ್ಷಾರ. ಅದರ ಪಿಎಚ್ 12.5ರಿಂದ 13ರ ಆಸುಪಾಸು ಇರುತ್ತದೆ. ಆ ಕ್ಷಾರದಲ್ಲಿ ಕಬ್ಬಿಣದ ಮೈ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದು ಪದರ ಕಟ್ಟಿಕೊಳ್ಳುತ್ತದೆ. ಸಾದಾ ಕಂಬಿಯನ್ನು ವರ್ಷಾನುಗಟ್ಟಲೆ ಕಾಯುವುದು ಆ ಪದರವೇ. ಕಡಲ ಗಾಳಿಯ ಉಪ್ಪು ಮಳೆಗೆ ಕರಗಿ, ಬಿಸಿಲಿಗೆ ಒಣಗಿ, ಮತ್ತೆ ಕರಗಿ, ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಒಳಗೆ ಇಳಿಯುತ್ತದೆ. ಅದರಲ್ಲಿರುವ ಕ್ಲೋರೈಡ್ ಕಂಬಿಯ ಹತ್ತಿರ ಒಂದು ಮಟ್ಟ ಮೀರಿದರೆ ಪದರ ಅಲ್ಲಲ್ಲಿ ಒಡೆಯುತ್ತದೆ. ಅಲ್ಲಿಂದ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಸ್ತಿ ಜಾಗ ಬೇಡುತ್ತದೆ. ಹಾಗಾಗಿ ಒಳಗಿನಿಂದಲೇ ತಳ್ಳಿ ಕಾಂಕ್ರೀಟನ್ನು ಕಳಚಿ ಹಾಕುತ್ತದೆ.

ಅದೇ ಮನೆಯ ಜಗಲಿಯ ಬೀಮನ್ನೂ ಒಂದು ಕಡೆ ಕೆತ್ತಿಸಿ ನೋಡಿದೆ. ಅದೇ ಗಾಳಿ, ಅದೇ ಮಳೆ, ಅದೇ ಸಾದಾ ಕಂಬಿ. ಅಲ್ಲಿ ಕವರ್ 40 ಮಿಲಿಮೀಟರ್ ಇತ್ತು. ಕಂಬಿಯ ಮೇಲೆ ಕಪ್ಪು ಛಾಯೆ ಕೂಡ ಹಾಗೇ ಇತ್ತು, ತುಕ್ಕಿನ ಚುಕ್ಕೆ ಒಂದೂ ಇಲ್ಲ.

ಇದು ಹೇಗೆ ಅಂದರೆ, ಉಪ್ಪು ಒಳಗೆ ಹೋಗುವುದು ಸಮವೇಗದಲ್ಲಿ ಅಲ್ಲ. ಒಳಗೆ ಹೋದಷ್ಟೂ ಅದರ ನಡಿಗೆ ನಿಧಾನ. ಆಳ ಎರಡು ಪಟ್ಟು ಆದರೆ ಸಮಯ ಸುಮಾರು ನಾಲ್ಕು ಪಟ್ಟು ಬೇಕು. 20 ಮಿಲಿಮೀಟರ್ ಒಳಗಿರುವ ಕಂಬಿಯನ್ನು ಉಪ್ಪು ಎಂಟು ವರ್ಷದಲ್ಲಿ ಮುಟ್ಟಿತು ಅಂದುಕೊಳ್ಳಿ. ಅದೇ ಕಾಂಕ್ರೀಟಿನಲ್ಲಿ 40 ಮಿಲಿಮೀಟರ್ ಒಳಗಿದ್ದರೆ ಅಲ್ಲಿಗೆ ತಲುಪಲು ಮೂವತ್ತು ವರ್ಷ ದಾಟುತ್ತದೆ. ಕಾಂಕ್ರೀಟ್ ಗಟ್ಟಿಯಾಗಿ, ರಂಧ್ರ ಕಮ್ಮಿ ಇದ್ದರೆ ಇನ್ನೂ ಜಾಸ್ತಿ. ಯಾವ ದುಬಾರಿ ಕಂಬಿಯೂ ಇಷ್ಟು ಅಗ್ಗದಲ್ಲಿ ಇಷ್ಟು ವರ್ಷ ಕೊಡುವುದಿಲ್ಲ.

ಹಾಗಾದರೆ ಕವರ್ ಎಷ್ಟು ಬೇಕು? ನಮ್ಮ ಐಎಸ್ 456 ಕೋಡ್ ಕಡಲ ತೀರದ ವಾತಾವರಣಕ್ಕೆ ತೆರೆದಿರುವ ಕಾಂಕ್ರೀಟಿಗೆ 45 ಮಿಲಿಮೀಟರ್ ಕವರ್, ಕನಿಷ್ಠ ಎಂ30 ಬಲದ ಕಾಂಕ್ರೀಟ್ ಹೇಳುತ್ತದೆ. ಉಪ್ಪುಗಾಳಿ ನೇರ ತಾಗದ ಒಳಭಾಗಕ್ಕೆ 30 ಮಿಲಿಮೀಟರ್. ಕಡಲ ನೀರಿನ ಹನಿ ಬಂದು ಬೀಳುವ ಜಾಗಕ್ಕೆ 50. ಭರತ ಇಳಿತದಲ್ಲಿ ನೆನೆದು ಒಣಗುವ ಜಾಗಕ್ಕೆ 75, ಅಲ್ಲಿ ಎಂ40 ಕಾಂಕ್ರೀಟ್. ನಿಮ್ಮ ಸೈಟಿನಲ್ಲಿ ಈ ನಾಲ್ಕರಲ್ಲಿ ಮೂರು ಬರುತ್ತವೆ. ಕೋಣೆಗಳ ಒಳಗೆ 30, ಹೊರಮೈಗೆ 45, ಹೊಳೆಯ ಕಟ್ಟೆಗೆ 75.

ಇಲ್ಲಿ ಎರಡು ತಪ್ಪು ನಮ್ಮ ಕಡೆ ತುಂಬಾ ಆಗುತ್ತವೆ. ಒಂದು, ಪಿಲ್ಲರಿನಲ್ಲಿ ಕವರನ್ನು ದಪ್ಪ ಕಂಬಿಯಿಂದ ಅಳೆಯುತ್ತಾರೆ. ಅಳೆಯಬೇಕಾದ್ದು ಅದನ್ನು ಹೊರಗಿನಿಂದ ಸುತ್ತಿ ಕಟ್ಟಿದ ರಿಂಗಿನಿಂದ. 8 ಮಿಲಿಮೀಟರಿನ ರಿಂಗ್ ಮೊದಲು ತುಕ್ಕು ಹಿಡಿದು ಪಿಲ್ಲರಿನ ಮೂಲೆ ಒಡೆಯುತ್ತದೆ, ಆಮೇಲೆ ದಪ್ಪ ಕಂಬಿಯ ಸರದಿ. ಇನ್ನೊಂದು, ಗಾರೆಯ ದಪ್ಪವನ್ನು ಕವರಿಗೆ ಸೇರಿಸಿ ಲೆಕ್ಕ ಹಾಕುತ್ತಾರೆ. ಗಾರೆ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಅದನ್ನು ಕವರ್ ಅಂತ ಎಣಿಸಲೇ ಬಾರದು.

ಈಗ ನೀವು ಕೇಳಿದ ಮೂರು ಕಂಬಿಗಳಿಗೆ ಬರುತ್ತೇನೆ. ನಿಮ್ಮ ಕಾಂಟ್ರಾಕ್ಟರ್ ಹೇಳಿದ ಎಪಾಕ್ಸಿ ಮೊದಲು.

ಎಪಾಕ್ಸಿ ಕಂಬಿ ಅಂದರೆ ಹಸಿರೋ ನೀಲಿಯೋ ಬಣ್ಣದ ಪ್ಲಾಸ್ಟಿಕ್ಕಿನಂಥ ಲೇಪ ಇರುವ ಕಂಬಿ. ಫ್ಯಾಕ್ಟರಿಯಲ್ಲಿ ಕಂಬಿಯನ್ನು ಮರಳಿನಂಥ ಕಣ ಚಿಮ್ಮಿಸಿ ಉಜ್ಜಿ, ಕಾಯಿಸಿ, ಪುಡಿ ಎಪಾಕ್ಸಿ ಸಿಂಪಡಿಸಿ ಕರಗಿಸುತ್ತಾರೆ. ಅದಕ್ಕೆ ನಮ್ಮ ಕೋಡ್ ಐಎಸ್ 13620. ಲೇಪದ ದಪ್ಪ 0.1ರಿಂದ 0.3 ಮಿಲಿಮೀಟರ್. ಅದು ಉಪ್ಪನ್ನೂ ನೀರನ್ನೂ ಕಬ್ಬಿಣಕ್ಕೆ ಮುಟ್ಟಗೊಡುವುದಿಲ್ಲ. ಅಷ್ಟೇ ಅದರ ಕೆಲಸ. ಲೇಪ ಪೂರ್ತಿ ಇರುವವರೆಗೆ ಅದು ಒಳ್ಳೆಯ ಕಂಬಿಯೇ.

ಕಷ್ಟ ಇರುವುದು ಆ "ಪೂರ್ತಿ" ಅನ್ನುವ ಮಾತಿನಲ್ಲಿ. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ನಾನು ನಿಂತಿದ್ದ ಒಂದು ಸೈಟಿಗೆ ಎಪಾಕ್ಸಿ ಕಂಬಿ ಬಂತು. ಲಾರಿಯಿಂದ ಇಳಿಸಿದ್ದು ಸರಪಳಿ ಕಟ್ಟಿ. ಬೆಂಡಿಂಗ್ ಮೇಜಿನ ಕಬ್ಬಿಣದ ಪಿನ್ನಿಗೆ ಸಿಕ್ಕಿಸಿ ಬಗ್ಗಿಸಿದಲ್ಲೆಲ್ಲ ಲೇಪ ಸುಲಿದು ಬಂತು. ಕಟ್ಟಿದ್ದು ಸಾದಾ ಬೈಂಡಿಂಗ್ ವಯರಿನಲ್ಲಿ. ಕತ್ತರಿಸಿದ ತುದಿಗೆ ಯಾರೂ ಏನೂ ಹಚ್ಚಲಿಲ್ಲ. ಮೇಲಿನಿಂದ ಬೂಟು ಹಾಕಿ ನಡೆದರು, ಕಬ್ಬಿಣದ ತಲೆಯ ವೈಬ್ರೇಟರ್ ಇಳಿಸಿದರು. ಕಾಂಕ್ರೀಟ್ ಹಾಕುವ ಮುಂಚೆ ನಾನು ಒಂದು ಮೀಟರ್ ಉದ್ದದ ಕಂಬಿಯಲ್ಲಿ ಗಾಯ ಎಣಿಸಿದೆ. ಕಣ್ಣಿಗೆ ಕಾಣುವುದೇ ಹದಿನಾಲ್ಕು ಇದ್ದವು. ಮೇಲಿನವರಿಗೆ ಹೇಳಿದೆ. ಕೆಲಸ ನಿಲ್ಲಲಿಲ್ಲ.

ಗಾಯ ಆದ ಎಪಾಕ್ಸಿ ಕಂಬಿ ಸಾದಾ ಕಂಬಿಯ ಮಟ್ಟಕ್ಕೆ ಇಳಿಯುತ್ತದೆ ಅಷ್ಟೇ ಅಲ್ವಾ ಅಂತ ಕೇಳಬಹುದು. ಹಾಗಲ್ಲ. ತುಕ್ಕು ಹಿಡಿಯುವುದು ಒಂದು ಬ್ಯಾಟರಿ ಇದ್ದ ಹಾಗೆ. ಒಂದು ಕಡೆ ಕಬ್ಬಿಣ ಕರಗುತ್ತದೆ, ಇನ್ನೊಂದು ಕಡೆ ಗಾಳಿಯ ಆಮ್ಲಜನಕ ಖರ್ಚಾಗುತ್ತದೆ. ಎಪಾಕ್ಸಿ ಕಂಬಿಯ ಸಣ್ಣ ಗಾಯದಲ್ಲಿ ಕಬ್ಬಿಣ ಕರಗುತ್ತಿದ್ದು, ಅದಕ್ಕೆ ತಾಗಿಕೊಂಡು ಲೇಪವಿಲ್ಲದ ಸಾದಾ ಕಂಬಿ ಉದ್ದಕ್ಕೂ ಇದ್ದರೆ, ಆ ದೊಡ್ಡ ಮೈ ಪೂರ್ತಿ ಸೇರಿ ಒಂದು ಸಣ್ಣ ಗಾಯವನ್ನು ತಿನ್ನುತ್ತದೆ. ಗುಂಡಿ ಆಳಕ್ಕೆ ಹೋಗುತ್ತದೆ. ಅದಕ್ಕೇ ಸ್ವಲ್ಪ ಕಡೆ ಎಪಾಕ್ಸಿ, ಸ್ವಲ್ಪ ಕಡೆ ಸಾದಾ ಅಂತ ಬೆರೆಸುವುದು ಕೆಟ್ಟದ್ದು. ಜೊತೆಗೆ ನಮ್ಮ ಕರಾವಳಿಯ ಸೆಕೆ ಮತ್ತು ಸದಾ ಇರುವ ತೇವ. ನೆನೆದೇ ಇರುವ ಎಪಾಕ್ಸಿ ಲೇಪ ಕಾಲ ಕಳೆದ ಹಾಗೆ ಕಬ್ಬಿಣದ ಹಿಡಿತ ಬಿಡುತ್ತದೆ. ಆಗ ಗಾಯದಿಂದ ಹೊಕ್ಕ ಉಪ್ಪುನೀರು ಲೇಪದ ಅಡಿಯಲ್ಲೇ ಹರಿದು ಮುಂದಕ್ಕೆ ಸಾಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಇದು ನನ್ನ ಅಂದಾಜಿನ ಮಾತಲ್ಲ. ಅಮೆರಿಕದ ಫ್ಲಾರಿಡಾದ ತೆಂಕು ತುದಿಯಲ್ಲಿ ಕಡಲ ಮೇಲೆ ಸಾಲಾಗಿ ಸೇತುವೆಗಳಿವೆ. ಬಿಸಿ, ತೇವ, ಉಪ್ಪು ಎಲ್ಲ ನಮ್ಮ ಕಡೆಯ ಹಾಗೆಯೇ. 1970ರ ದಶಕದ ಕೊನೆಯಿಂದ ಅಲ್ಲಿನ ಹೊಸ ಸೇತುವೆಗಳಿಗೆ ಎಪಾಕ್ಸಿ ಕಂಬಿ ಬಳಸಿದರು. 1986ರಲ್ಲೇ, ಇನ್ನೂ ಹತ್ತು ವರ್ಷ ಆಗುವ ಮೊದಲು, ಲಾಂಗ್ ಕೀ ಸೇತುವೆಯ ಕೆಳಭಾಗದಲ್ಲಿ ಕಾಂಕ್ರೀಟ್ ಒಡೆದು ತುಕ್ಕು ಕಂಡಿತು. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಅಲೆ ಎರಚುವ ಜಾಗದಲ್ಲಿ. ಆಮೇಲೆ ಆ ರಾಜ್ಯ ಎಪಾಕ್ಸಿ ಕಂಬಿಯನ್ನೇ ಕೈಬಿಟ್ಟಿತು.

ಹಾಗಂತ ಎಪಾಕ್ಸಿ ಎಲ್ಲ ಕಡೆ ಸೋತಿಲ್ಲ. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಹಾಕುತ್ತಾರೆ. ಅಲ್ಲಿನ ಸೇತುವೆಗಳ ಮೇಲೆ ಗಾಡಿ ಓಡುವ ಹಲಗೆಗೆ 1973ರಿಂದ ಇದನ್ನು ಬಳಸುತ್ತಾ ಬಂದಿದ್ದಾರೆ, ಸಾಕಷ್ಟು ಕಡೆ ಚೆನ್ನಾಗಿಯೇ ನಡೆದಿದೆ. ಅಲ್ಲಿ ಕಂಬಿ ಫ್ಯಾಕ್ಟರಿಯಲ್ಲೇ ಕತ್ತರಿಸಿ ಬಗ್ಗಿಸಿ ಬರುತ್ತದೆ, ನೈಲಾನ್ ಪಟ್ಟಿಯಲ್ಲಿ ಎತ್ತುತ್ತಾರೆ, ಪ್ಲಾಸ್ಟಿಕ್ ಹೊದಿಕೆಯ ವಯರಿನಲ್ಲಿ ಕಟ್ಟುತ್ತಾರೆ, ರಬ್ಬರ್ ತಲೆಯ ವೈಬ್ರೇಟರ್ ಬಳಸುತ್ತಾರೆ, ಗಾಯಗಳಿಗೆ ಒಂದೊಂದಾಗಿ ಲೇಪ ಹಚ್ಚುತ್ತಾರೆ. ಬಿಸಿಲಿನಲ್ಲಿ ಎರಡು ತಿಂಗಳಿಗಿಂತ ಜಾಸ್ತಿ ಬಿಡುವುದಿಲ್ಲ. ಇಷ್ಟು ಶಿಸ್ತು ನಾಲ್ಕು ಜನ ಕೆಲಸದವರಿರುವ ಒಂದು ಮನೆಯ ಸೈಟಿನಲ್ಲಿ ನಡೆಯುವುದಿಲ್ಲ. ಅದು ಅವರ ತಪ್ಪಲ್ಲ. ಇನ್ನೊಂದು ವಿಷಯ ಇದೆ. ಲೇಪ ನುಣುಪು, ಕಾಂಕ್ರೀಟಿನ ಹಿಡಿತ ಕಮ್ಮಿ. ಅಮೆರಿಕದ ಎಸಿಐ ಕೋಡಿನ ಪ್ರಕಾರ ಕವರ್ ಕಮ್ಮಿ ಇರುವಲ್ಲಿ ಕಂಬಿಯ ಜೋಡಣೆಯ ಉದ್ದ, ಅಂದರೆ ಎರಡು ಕಂಬಿಯ ತುದಿಗಳನ್ನು ಒತ್ತಿಗೆ ಇಟ್ಟು ಕಟ್ಟುವ ಉದ್ದ, ಒಂದೂವರೆ ಪಟ್ಟು ಬೇಕು. ಸಾದಾ ಕಂಬಿಗೆ 600 ಮಿಲಿಮೀಟರ್ ಜೋಡಣೆ ಸಾಕಾದರೆ ಇದಕ್ಕೆ 900. ಈ ಖರ್ಚು ಕಿಲೋ ದರದಲ್ಲಿ ಕಾಣುವುದಿಲ್ಲ.

ನಿಮ್ಮ ಲೆಕ್ಕದಲ್ಲಿ 6 ಟನ್ನಿಗೆ ಎಪಾಕ್ಸಿ ಅಂದರೆ 90,000 ರೂಪಾಯಿ ಹೆಚ್ಚು. ಇಷ್ಟು ಕೊಟ್ಟು ಗಾಯ ಆದ ಕಂಬಿ ತರಿಸಿಕೊಳ್ಳುವುದು ಬೇಡ.

ಗ್ಯಾಲ್ವನೈಸ್ಡ್ ಕಂಬಿಯ ಗುಣ ಬೇರೆ. ಇದು ಬಣ್ಣದ ಹಾಗೆ ಮೇಲೆ ಕೂತ ಲೇಪವಲ್ಲ. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಕಂಬಿಯನ್ನು ಮುಳುಗಿಸುತ್ತಾರೆ. ಸತು ಮತ್ತು ಕಬ್ಬಿಣ ಬೆರೆತ ಪದರ ಕಂಬಿಯ ಮೈಗೇ ಬೆಸೆದುಕೊಳ್ಳುತ್ತದೆ. ಟಿಎಂಟಿ ಕಂಬಿಯ ಬಲ ಈ ಬಿಸಿಗೆ ಕೆಡುವುದಿಲ್ಲ. ಎಳೆದಾಡಿದರೆ, ತುಳಿದರೆ ಸುಲಭಕ್ಕೆ ಕಿತ್ತು ಬರುವುದಿಲ್ಲ. ಎಲ್ಲಾದರೂ ಗೀರು ಬಿದ್ದರೂ ಸುತ್ತಲಿನ ಸತು ತಾನು ಕರಗಿ ಆ ಗೀರಿನ ಕಬ್ಬಿಣವನ್ನು ಕಾಯುತ್ತದೆ. ಎಪಾಕ್ಸಿಯಲ್ಲಿ ಗಾಯ ಅಪಾಯ, ಇಲ್ಲಿ ಗಾಯಕ್ಕೆ ಮದ್ದು ಪಕ್ಕದಲ್ಲೇ ಇದೆ. ನಮ್ಮ ಸೈಟುಗಳಿಗೆ ಇದು ಹೊಂದುವುದು ಇದೇ ಕಾರಣಕ್ಕೆ.

ಕ್ಲೋರೈಡನ್ನೂ ಇದು ಸಾದಾ ಕಂಬಿಗಿಂತ ಜಾಸ್ತಿ ತಡೆಯುತ್ತದೆ. ಸಾಮಾನ್ಯವಾಗಿ ಎರಡೂವರೆ ಪಟ್ಟು ಅಂತ ಲೆಕ್ಕ ಹಿಡಿಯುತ್ತಾರೆ. ಸತುವಿನ ತುಕ್ಕು ಅಷ್ಟು ಉಬ್ಬುವುದೂ ಇಲ್ಲ, ಪಕ್ಕದ ರಂಧ್ರಗಳಿಗೆ ಹರಡಿಕೊಳ್ಳುತ್ತದೆ. ಹಾಗಾಗಿ ಕಾಂಕ್ರೀಟ್ ತಕ್ಷಣ ಒಡೆಯುವುದಿಲ್ಲ. ಅಟ್ಲಾಂಟಿಕ್ ಕಡಲ ನಡುವಿನ ಬರ್ಮುಡಾ ದ್ವೀಪದಲ್ಲಿ 1950ರ ದಶಕದಿಂದ ಗ್ಯಾಲ್ವನೈಸ್ಡ್ ಕಂಬಿ ಬಳಸುತ್ತಿದ್ದಾರೆ. ಆದರೆ ಇದಕ್ಕೂ ಮಿತಿ ಇದೆ. ಸತು ಕರಗುವ ವಸ್ತು. ಉಪ್ಪು ದಿನಾ ಎರಡು ಸಲ ತುಂಬಿ ಬರುವ ಜಾಗದಲ್ಲಿ ಅದು ಕೆಲವು ವರ್ಷ ಮುಂದೂಡುತ್ತದೆ, ನಿಲ್ಲಿಸುವುದಿಲ್ಲ.

ಹಾಗಾದರೆ ಮನೆಗೆ ಪೂರ್ತಿ ಗ್ಯಾಲ್ವನೈಸ್ಡ್ ಹಾಕಬಾರದೇ? 1,50,000 ರೂಪಾಯಿ ಜಾಸ್ತಿ ಆಗುತ್ತದೆ. ಫೌಂಡೇಶನ್, ಒಳಗಿನ ಬೀಮು, ಕೋಣೆಯ ಸ್ಲ್ಯಾಬು, ಇಲ್ಲೆಲ್ಲ ಬೇಕಾದ ಕವರ್ ಕೊಡಲು ಜಾಗ ಇದೆ. ಅಲ್ಲಿ ಸತುವಿಗೆ ದುಡ್ಡು ಕೊಡುವುದು ಸುಮ್ನೆ. ಕವರ್ ಕೊಡಲು ಜಾಗವೇ ಇಲ್ಲದ ಕಡೆ ಮಾತ್ರ ಅದರ ಬೆಲೆ ಹುಟ್ಟುತ್ತದೆ.

ನಿಮ್ಮ ಸನ್‌ಶೇಡನ್ನೇ ತೆಗೆದುಕೊಳ್ಳಿ. ಗೋಡೆಯ ಬುಡದಲ್ಲಿ 100, ತುದಿಯಲ್ಲಿ 75 ಮಿಲಿಮೀಟರ್ ದಪ್ಪ, ನಮ್ಮ ಕಡೆಯ ರೂಢಿ. ಇದು ಹೊರಗೆ ಚಾಚಿದ ಹಲಗೆ. ಹಾಗಾಗಿ ಮುಖ್ಯ ಕಂಬಿ ಮೇಲ್ಬದಿಯಲ್ಲಿ ಇರಬೇಕು. ಮೇಲೆ 45 ಕವರ್ ಕೊಟ್ಟರೆ 100ರ ದಪ್ಪದಲ್ಲಿ ಕಂಬಿ ನಡುವಿಗೆ ಬಂದು ಕೂರುತ್ತದೆ, ಹಲಗೆಯ ಬಲ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಅದಕ್ಕೇ ಕವರನ್ನು 15, 20ಕ್ಕೆ ಇಳಿಸಿಬಿಡುತ್ತಾರೆ. ನೀವು ಹೀಗೆ ಮಾಡಿಸಿ: ಬುಡದಲ್ಲಿ 125, ತುದಿಯಲ್ಲಿ 90. ಈಗ ತುದಿಯ ಲೆಕ್ಕ ನೋಡಿ. ಮೇಲೆ 45 ಕವರ್, ಅದರಡಿ 10ರ ಮುಖ್ಯ ಕಂಬಿ, ಅದರಡಿ ಅಡ್ಡಕ್ಕೆ 8ರ ಕಂಬಿ. ಒಟ್ಟು 63. ತಳಕ್ಕೆ ಉಳಿದದ್ದು 27. ಕೋಡ್ ಹೇಳುವ 45 ತಳದಲ್ಲಿ ಸಿಗುವುದೇ ಇಲ್ಲ. ಆ ಕೊರತೆಯನ್ನು ತುಂಬಲು ಸತು ಬೇಕು.

ಸನ್‌ಶೇಡು, ಬಾಲ್ಕನಿಯ ತುದಿ, ಪಡುಬದಿಯ ತೆಳು ಪ್ಯಾರಪೆಟ್, ಹೊರಗಿನ ಮೆಟ್ಟಿಲ ಹಲಗೆ, ಇಷ್ಟಕ್ಕೆ ನಿಮ್ಮಂಥ ಮನೆಯಲ್ಲಿ ಸುಮಾರು 700 ಕಿಲೋ ಕಂಬಿ ಬೇಕಾದೀತು. ಕಿಲೋಗೆ 25 ರೂಪಾಯಿಯಂತೆ ಹೆಚ್ಚುವರಿ 17,500. ಈ ದುಡ್ಡು ಖಂಡಿತ ಕೊಡಿ. ಒಂದು ಕಾರಣ ಇನ್ನೂ ಇದೆ. ಕೋಣೆಯ ಸ್ಲ್ಯಾಬಿನ ತಳದ ಕಂಬಿ ತುಕ್ಕು ಹಿಡಿದರೆ ಮೊದಲು ಗಾರೆ ಉದುರಿ ಎಚ್ಚರಿಸುತ್ತದೆ. ಸನ್‌ಶೇಡಿನ ಮುಖ್ಯ ಕಂಬಿ ಮೇಲ್ಬದಿಯಲ್ಲಿ, ಗೋಡೆಯ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಇದೆ. ಅದು ತಿಂದುಹೋದರೆ ಇಡೀ ಹಲಗೆ ಒಮ್ಮೆಗೇ ಕಳಚುತ್ತದೆ. ನಿಮ್ಮ ನೆರೆಮನೆಯಲ್ಲಿ ಆದದ್ದು ಹೀಗೇ ಇರಬೇಕು.

ತರಿಸುವಾಗ ಕೆಲವು ಮಾತು ನೆನಪಿಡಿ. ಕರಗಿದ ಸತುವಿನಲ್ಲಿ ಮುಳುಗಿಸಿದ್ದೇ ಬೇಕು, ಐಎಸ್ 12594 ಪ್ರಕಾರದ್ದು. ವಿದ್ಯುತ್ತಿನಲ್ಲಿ ಸತು ಕೂರಿಸಿದ ತೆಳು ಲೇಪದ ಕಂಬಿ ನೋಡಲು ಫಳಫಳ ಹೊಳೆಯುತ್ತದೆ, ಬಾಳಿಕೆ ಬರುವುದಿಲ್ಲ. ಲೇಪದ ದಪ್ಪ ಸುಮಾರು 85 ಮೈಕ್ರಾನ್ ಇರಬೇಕು. ಅದನ್ನು ತೂಕದಿಂದ ಕಂಡುಹಿಡಿಯಲು ಹೋಗಬೇಡಿ. 10 ಮಿಲಿಮೀಟರ್ ಕಂಬಿಯ ಒಂದು ಮೀಟರಿಗೆ ಸತು ಬರೇ 19 ಗ್ರಾಂ. ಕಂಬಿಯ ತೂಕದಲ್ಲೇ ಅದಕ್ಕಿಂತ ಜಾಸ್ತಿ ಏರುಪೇರು ಇರುತ್ತದೆ. ಲೇಪ ಅಳೆಯುವ ಸಣ್ಣ ಮೀಟರ್ ಇದೆ, ಪೇಂಟಿಂಗ್ ಇನ್‌ಸ್ಪೆಕ್ಷನ್ ಮಾಡುವ ಎಂಜಿನಿಯರುಗಳ ಹತ್ತಿರ ಸಿಗುತ್ತದೆ. ಹತ್ತು ಕಂಬಿಗೆ ಹಿಡಿದು ನೋಡಿಸಿ. ಆದರೆ ಅದಕ್ಕಿಂತ ಒಳ್ಳೆಯದು, ಕಂಬಿಯನ್ನು ಮೊದಲೇ ಕತ್ತರಿಸಿ ಬಗ್ಗಿಸಿ ಆಮೇಲೆ ಸತುವಿಗೆ ಕಳಿಸುವುದು. ಆಗ ತುದಿಗೂ ಬಾಗಿಗೂ ಸತು ಕೂರುತ್ತದೆ. ಸೈಟಿನಲ್ಲೇ ಬಗ್ಗಿಸುವುದಾದರೆ ಪಿನ್ನಿನ ದಪ್ಪ ಕಂಬಿಯ ಆರು ಪಟ್ಟು ಇರಲಿ, 10ರ ಕಂಬಿಗೆ 60. ಅದಕ್ಕಿಂತ ಸಣ್ಣ ಪಿನ್ನಿನಲ್ಲಿ ಬಗ್ಗಿಸಿದರೆ ಹೊರಬಾಗಿನಲ್ಲಿ ಸತು ಸೀಳಿ ಪದರ ಏಳುತ್ತದೆ. ಹಾಗೆ ಎದ್ದಲ್ಲಿ, ಕತ್ತರಿಸಿದ ತುದಿಯಲ್ಲಿ ಸತು ತುಂಬಿದ ಪೇಂಟ್ ಎರಡು ಕೈ ಹಚ್ಚಿಸಿ. ಕಟ್ಟಲು ಜಿಐ ಬೈಂಡಿಂಗ್ ವಯರ್. ಸನ್‌ಶೇಡಿನ ಕಂಬಿ ಲಿಂಟಲ್ ಬೀಮಿನ ಸಾದಾ ಕಂಬಿಗೆ ತಾಗುವ ಜಾಗ ಬೀಮಿನ ಒಳಗೆ ಆಳದಲ್ಲಿರಲಿ, ಹೊರಮೈಯ ಹತ್ತಿರ ಬೇಡ. ಇಲ್ಲವಾದರೆ ಸತು ಸಾದಾ ಕಂಬಿಯನ್ನು ಕಾಯಲು ಹೋಗಿ ತಾನು ಬೇಗ ಮುಗಿಯುತ್ತದೆ.

ಅಂಗಡಿಯವರು "ಸಿಆರ್‌ಎಸ್" ಅಂತ ಇನ್ನೊಂದನ್ನು ತೋರಿಸಬಹುದು. ಅದು ತಾಮ್ರ, ಕ್ರೋಮಿಯಂನಂಥವನ್ನು ತುಸು ಬೆರೆಸಿದ ಟಿಎಂಟಿ. ತುಕ್ಕು ಸ್ವಲ್ಪ ನಿಧಾನ ಆಗುತ್ತದೆ, ಆದರೆ ಅದು ಗ್ಯಾಲ್ವನೈಸ್ಡ್‌ಗೂ ಸ್ಟೇನ್‌ಲೆಸ್‌ಗೂ ಬದಲಿ ಅಲ್ಲ. ದರ ಸಮ ಇದ್ದರೆ ತೆಗೆದುಕೊಳ್ಳಿ.

ಈಗ ಮಗನ ಮಾತು. ಸ್ಟೇನ್‌ಲೆಸ್ ಒಳ್ಳೆಯದು ಅನ್ನುವುದರಲ್ಲಿ ಅವನು ಹೇಳುವುದು ಸರಿ. ಅದರ ಕ್ರೋಮಿಯಂ ತಾನೇ ರಕ್ಷಣೆಯ ಪದರ ಕಟ್ಟುತ್ತದೆ, ಗೀರು ಬಿದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಇದು ಮೇಲೆ ಹಚ್ಚಿದ ಲೇಪವಲ್ಲ, ಕಂಬಿಯ ಗುಣವೇ ಹಾಗೆ. ಮೆಕ್ಸಿಕೋದ ಯುಕಟಾನ್ ತೀರದಲ್ಲಿ ಪ್ರೊಗ್ರೆಸೊ ಅನ್ನುವ ಊರಿದೆ. ಅಲ್ಲಿ 1937ರಿಂದ 1941ರ ನಡುವೆ ಕಡಲೊಳಗೆ ಚಾಚಿದ ಉದ್ದ ಕಟ್ಟೆಯೊಂದನ್ನು 304 ದರ್ಜೆಯ ಸ್ಟೇನ್‌ಲೆಸ್ ಕಂಬಿ ಹಾಕಿ ಕಟ್ಟಿದರು. ಕಾಂಕ್ರೀಟ್ ಏನೂ ಅಂಥ ಉತ್ತಮದ್ದಲ್ಲ. ಆದರೂ ಅರವತ್ತು ವರ್ಷ ಕಳೆದು ನೋಡಿದಾಗ ಹೆಚ್ಚೇನೂ ರಿಪೇರಿ ಇಲ್ಲದೆ ನಿಂತಿತ್ತು. ಪಕ್ಕದಲ್ಲೇ ಆಮೇಲೆ ಸಾದಾ ಕಂಬಿಯಲ್ಲಿ ಕಟ್ಟಿದ ಇನ್ನೊಂದು ಕಟ್ಟೆ ಅಷ್ಟರೊಳಗೆ ಕುಸಿದು ಕಂಬಗಳ ಮೋಟು ಮಾತ್ರ ಉಳಿದಿದ್ದವು.

ಆದರೆ 6 ಟನ್ ಸ್ಟೇನ್‌ಲೆಸ್ ಅಂದರೆ 16,80,000 ರೂಪಾಯಿ. ಸಾದಾ ಕಂಬಿಗೆ 3,90,000. ನಡುವಿನ 12,90,000 ರೂಪಾಯಿಗೆ ನಿಮ್ಮ ಕೋಣೆಯ ಸ್ಲ್ಯಾಬು ಏನೂ ವಾಪಸು ಕೊಡುವುದಿಲ್ಲ. ಅಲ್ಲಿ ಸಾದಾ ಕಂಬಿಯೇ ನಿಮ್ಮ ಮೊಮ್ಮಕ್ಕಳ ಕಾಲದವರೆಗೆ ಬಾಳುತ್ತದೆ. ಸ್ಟೇನ್‌ಲೆಸ್ಸಿಗೆ ನಿಜವಾಗಿ ಜಾಗ ಇರುವುದು ಉಪ್ಪುನೀರು ದಿನಾ ಏರಿ ಇಳಿಯುವ ಕಡೆ, ಒಮ್ಮೆ ಕಟ್ಟಿದರೆ ಮತ್ತೆ ಒಣಗಿಸಿ ರಿಪೇರಿ ಮಾಡಲು ಆಗದ ಕಡೆ. ಅದು ನಿಮ್ಮ ಹಿತ್ತಿಲಿನಲ್ಲಿದೆ.

ಹೊಳೆಗೆ ಇಳಿಯುವ ಮೆಟ್ಟಿಲಿಗೆ ಕಂಬಿಯೇ ಬೇಡ. ಕರಿಕಲ್ಲಿನಲ್ಲಿ ಕಟ್ಟಿಸಿ, ಕಂಬಿ ಇಲ್ಲದ ಕಡೆ ತುಕ್ಕಿನ ಮಾತೇ ಇಲ್ಲ. ದೋಣಿಯ ಕಟ್ಟೆಯ ಮೇಲಿನ ಹಲಗೆಗೂ ಅದನ್ನು ಹೊರುವ ಎರಡು ಕಂಬಕ್ಕೂ ಮಾತ್ರ ಕಂಬಿ ಬೇಕು. ಭರತದ ನೀರು ಮುಟ್ಟುವ, ಎರಚುವ ಭಾಗಕ್ಕೆ 120 ಕಿಲೋ ಸಾಕಾಗಬಹುದು. ಕಿಲೋಗೆ 215 ರೂಪಾಯಿ ಜಾಸ್ತಿ ಅಂದರೆ 25,800. ಇದು ಕೊಡಬೇಕಾದ ದುಡ್ಡು. 316 ಅಥವಾ 2205 ದರ್ಜೆ ಕೇಳಿ, ಬಿಸಿ ಉಪ್ಪುನೀರಿಗೆ 304ಕ್ಕಿಂತ ಇವು ಗಟ್ಟಿ. ದರ ಇನ್ನೂ ಸ್ವಲ್ಪ ಏರಬಹುದು. ಗೇಟು, ರೇಲಿಂಗಿಗೆ ಮಾರುವ ಸ್ಟೇನ್‌ಲೆಸ್ ಸರಳು ತರಬೇಡಿ. ಐಎಸ್ 16651 ಪ್ರಕಾರದ, ಮೈಮೇಲೆ ಏಣು ಇರುವ, ಆಮ್ಲದಲ್ಲಿ ತೊಳೆದು ಕಪ್ಪು ಹೊಪ್ಪಳೆ ತೆಗೆದ ಕಂಬಿಯೇ ಬೇಕು. ಆ ಕಪ್ಪು ಉಳಿದರೆ ಅದರ ತಡೆಯುವ ಶಕ್ತಿ ಅಲ್ಲಿಯೇ ಕುಂದುತ್ತದೆ. ವಯರೂ ಸ್ಟೇನ್‌ಲೆಸ್ಸೇ ಇರಲಿ.

ಸ್ಟೇನ್‌ಲೆಸ್ ಮತ್ತು ಸಾದಾ ಕಂಬಿ ತಾಗಿದರೆ ಸಾದಾದ್ದು ಬೇಗ ಕೆಡುತ್ತದೆ ಅಂತ ನಿಮಗೆ ಯಾರಾದರೂ ಹೇಳಬಹುದು. ನೀರಿನಲ್ಲಿ ಬಿಟ್ಟರೆ ಹೌದು. ಕಾಂಕ್ರೀಟಿನ ಒಳಗೆ, ಸಾದಾ ಕಂಬಿ ಚೆನ್ನಾಗಿರುವವರೆಗೆ, ಹಾಗೆ ಆಗುವುದಿಲ್ಲ. ಸ್ಟೇನ್‌ಲೆಸ್ಸಿನ ಮೈ ಆಮ್ಲಜನಕ ಖರ್ಚು ಮಾಡುವುದರಲ್ಲಿ ಸಾದಾ ಕಂಬಿಗಿಂತಲೂ ಸೋಮಾರಿ. ಹಾಗಾಗಿ ಕೆಳಗೆ ಸ್ಟೇನ್‌ಲೆಸ್, ನೀರು ಮುಟ್ಟದ ಮೇಲ್ಭಾಗಕ್ಕೆ ಸಾದಾ ಅಂತ ಜೋಡಿಸಬಹುದು. ದೊಡ್ಡ ಸೇತುವೆಗಳಲ್ಲೂ ಹೀಗೇ ಮಾಡುತ್ತಾರೆ.

ಕೊನೆಗೆ ಕಾಂಕ್ರೀಟು. ಇದನ್ನು ಸರಿ ಮಾಡದಿದ್ದರೆ ಮೇಲೆ ಹೇಳಿದ ಯಾವ ಕಂಬಿಯೂ ನಿಮ್ಮ ಮನೆ ಉಳಿಸುವುದಿಲ್ಲ. ನಿಮ್ಮ ಮೇಸ್ತ್ರಿ ಸಿಮೆಂಟ್, ಹೊಯಿಗೆ, ಜಲ್ಲಿಯನ್ನು 1, 1½, 3ರ ಲೆಕ್ಕದಲ್ಲಿ ಬೆರೆಸಿದರೆ ಒಂದು ಘನ ಮೀಟರಿಗೆ ಎಂಟು ಚೀಲ ಸಿಮೆಂಟ್ ಹೇಗೂ ಹೋಗುತ್ತದೆ. ಸಿಮೆಂಟ್ ಕಮ್ಮಿ ಇಲ್ಲ, ನೀರು ಜಾಸ್ತಿ. 50 ಕಿಲೋ ಚೀಲಕ್ಕೆ 22 ಲೀಟರ್ ಮೀರಬಾರದು. ಅದರಲ್ಲಿ ಹೊಯಿಗೆಯ ಒದ್ದೆಯೂ ಸೇರಿತು. ನಮ್ಮ ಸೈಟುಗಳಲ್ಲಿ 30 ಲೀಟರ್ ಸಲೀಸಾಗಿ ಹೋಗುತ್ತದೆ, ಹರಿದು ಬೀಳಲಿ ಅಂತ. ಆ ಹೆಚ್ಚಿನ ನೀರು ಒಣಗಿ ಬಿಟ್ಟ ದಾರಿಯಲ್ಲೇ ಉಪ್ಪು ಒಳಗೆ ಬರುವುದು. ಹರಿಯುವುದಕ್ಕೆ ಪ್ಲಾಸ್ಟಿಸೈಸರ್ ಹಾಕಿಸಿ, ನೀರು ಬೇಡ. ಆದರೆ ಎಂ30, ಎಂ40 ಕಾಂಕ್ರೀಟಿಗೆ ಈ ಅಳತೆಯ ಲೆಕ್ಕ ಸಾಲದು. ಮಿಕ್ಸ್ ಡಿಸೈನ್ ಮಾಡಿಸಿ, ಇಲ್ಲವೇ ಪ್ಲಾಂಟಿನಿಂದ ತರಿಸಿ. ಹಾರುಬೂದಿ ಬೆರೆತ ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟ್ ಉಪ್ಪಿನ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ, ಆದರೆ 14 ದಿನ ನೀರುಣಿಸಲೇ ಬೇಕು.

ಆ ನೀರಿನ ವಿಷಯದಲ್ಲಿ ಒಂದು ಎಚ್ಚರ. ಕಡಲ ಬದಿಯ ಬಾವಿ, ಬೋರ್ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಕಂಬಿ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ಮೀರಬಾರದು ಅಂತ ಕೋಡ್ ಇದೆ. 2000 ಇರುವ ನೀರು ಹಾಕಿದಿರಿ ಅಂದುಕೊಳ್ಳಿ. ಒಂದು ಘನ ಮೀಟರಿಗೆ 180 ಲೀಟರಿನಂತೆ 360 ಗ್ರಾಂ ಕ್ಲೋರೈಡನ್ನು ನಾವೇ ಕಂಬಿಯ ಪಕ್ಕದಲ್ಲಿ ಇಟ್ಟ ಹಾಗಾಯಿತು. ಒಟ್ಟು ಮಿತಿ 600 ಗ್ರಾಂ. ಕಡಲು ಒಳಗೆ ಬರುವ ಮೊದಲೇ ಅರ್ಧಕ್ಕಿಂತ ಜಾಸ್ತಿ ಮುಗಿಯಿತು. ಕಾಂಕ್ರೀಟ್ ಶುರು ಮಾಡುವ ವಾರ ನೀರಿನ ಪರೀಕ್ಷೆ ಮಾಡಿಸಿ, ಮಳೆಗಾಲದ ಹಳೆಯ ರಿಪೋರ್ಟ್ ಸಾಲದು. ಕಡಲ ಹೊಯಿಗೆ ಒಂದು ಬುಟ್ಟಿಯೂ ಬೇಡ.

ಕೋಣೆಯ ಸ್ಲ್ಯಾಬನ್ನು 125ರಿಂದ 140 ಮಿಲಿಮೀಟರಿಗೆ ಏರಿಸಿ, ತಳಕ್ಕೆ 30 ಕವರ್ ಕೊಡಿ. 150 ಚದರ ಮೀಟರಿಗೆ ಎರಡೂಕಾಲು ಘನ ಮೀಟರ್ ಕಾಂಕ್ರೀಟ್ ಜಾಸ್ತಿ ಆಗುತ್ತದೆ. ಘನ ಮೀಟರಿಗೆ 7,000 ಹಿಡಿದರೂ 16,000ದ ಒಳಗೆ. ಭಾರ ಜಾಸ್ತಿಯಾದ್ದನ್ನು ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಒಮ್ಮೆ ನೋಡಲಿ. ಇದು, 700 ಕಿಲೋ ಗ್ಯಾಲ್ವನೈಸ್ಡ್, 120 ಕಿಲೋ ಸ್ಟೇನ್‌ಲೆಸ್, ಮೂರೂ ಸೇರಿ ಹೆಚ್ಚುವರಿ ಸುಮಾರು 60,000 ಆಯಿತು. ಕಾಂಟ್ರಾಕ್ಟರ್ ಹೇಳಿದ ಎಪಾಕ್ಸಿಗಿಂತ 30,000 ಕಮ್ಮಿ. ಅದರಲ್ಲಿ ಪ್ಲಾಸ್ಟಿಸೈಸರ್, ಮಿಕ್ಸ್ ಡಿಸೈನ್, ಕವರ್ ಬ್ಲಾಕ್, ನೀರಿನ ಪರೀಕ್ಷೆ ಎಲ್ಲ ಮುಗಿಯುತ್ತದೆ.

ಕವರ್ ಬ್ಲಾಕನ್ನು ಅದೇ ಗಟ್ಟಿ ಕಾಂಕ್ರೀಟಿನಲ್ಲಿ 30, 45, 75ರ ಮೂರು ಅಳತೆಯಲ್ಲಿ ಮೊದಲೇ ಎರಕ ಹೊಯ್ಯಿಸಿ, ನೀರಲ್ಲಿ ನೆನೆಸಿಡಿ. ಜಲ್ಲಿಯ ಚೂರು, ಟೈಲ್ಸಿನ ತುಂಡು ಸಿಕ್ಕಿಸಲು ಬಿಡಬೇಡಿ. ಸನ್‌ಶೇಡಿನ ಮೇಲಿನ ಕಂಬಿ ಇಳಿಯದ ಹಾಗೆ ಅದರಡಿಗೆ ಕುರ್ಚಿಯಂತೆ ಬಗ್ಗಿಸಿದ ಗ್ಯಾಲ್ವನೈಸ್ಡ್ ತುಂಡು ಇಡಿಸಿ. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ನೀವೇ ಒಂದು ಸ್ಕೇಲ್ ಹಿಡಿದು ಮೇಲೆ ಹತ್ತಿ ಟೀಚರೇ. ಪ್ರತಿ ಸನ್‌ಶೇಡಿನಲ್ಲಿ ಮೂರು ಕಡೆ, ಪ್ರತಿ ಪಿಲ್ಲರಿನ ನಾಲ್ಕೂ ಬದಿ ರಿಂಗಿನಿಂದ ಸೆಂಟ್ರಿಂಗಿನ ಹಲಗೆಗೆ ಅಳೆಯಿರಿ. 45 ಇರಬೇಕಾದಲ್ಲಿ 30 ಕಂಡರೆ ಮಿಕ್ಸರ್ ಚಾಲೂ ಮಾಡಲು ಬಿಡಬೇಡಿ. ಬ್ಲಾಕ್ ಸರಿ ಮಾಡಲು ಅರ್ಧ ಗಂಟೆ ಸಾಕು.